ಶನಿವಾರದ ಚಿಕ್ಕಮಗಳೂರು ರೈಡ್: ಎಲ್ಲಿ ಸೇರುವುದು, ಎಷ್ಟೊತ್ತಿಗೆ ತಲುಪುವುದು

ಎಲ್ಲರಿಗೂ ನಮಸ್ಕಾರ. ದಯವಿಟ್ಟು ಪೂರ್ತಿ ಓದಿ. ಅರ್ಧ ಓದಿ ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ "ಎಲ್ಲಿ ನಿಲ್ಲೋದು" ಅಂತ ಕೇಳಬೇಡಿ.

ಒಟ್ಟು 9 ಗಾಡಿ, 11 ಜನ. ನವೀನನ ಡ್ಯೂಕ್ 390ಯೂ ಇದೆ, ಶಂಕರಣ್ಣನ ಸ್ಪ್ಲೆಂಡರೂ ಇದೆ, ರಶ್ಮಿ-ಪ್ರದೀಪ್ ಆಕ್ಟಿವಾದಲ್ಲಿ ಡಬಲ್ಸ್ ಬರುತ್ತಿದ್ದಾರೆ. ಇಷ್ಟು ಗಾಡಿಗಳನ್ನು ಒಂದೇ ಸಾಲಿನಲ್ಲಿ ಕಟ್ಟಿಕೊಂಡು ಹೋಗುವ ಆಸೆ ನನಗಿಲ್ಲ. ಖಾಲಿ ಹೈವೇಯಲ್ಲಿ ಡ್ಯೂಕ್ ಓಡಿಸುವವನು 55ರಲ್ಲಿ ಹೋದರೆ ನಿದ್ದೆ ಬರುತ್ತದೆ. ಸ್ಪ್ಲೆಂಡರ್ 85ರಲ್ಲಿ ಓಡಿದರೆ ಶಂಕರಣ್ಣನ ಕೈ ಜೋಮು ಹಿಡಿಯುತ್ತದೆ. ಹಾಗಾಗಿ ಅವರವರ ಸ್ಪೀಡಲ್ಲಿ ಓಡಿಸಿ, ಹೇಳಿದ ಜಾಗದಲ್ಲಿ ನಿಂತು ಸೇರಿಕೊಳ್ಳಿ. ಟೈಮೆಲ್ಲ ಹಾಕಿರುವುದು ಕೊನೆಯ ಗಾಡಿಯ ಲೆಕ್ಕದಲ್ಲಿ.

ಹೊರಡುವ ಜಾಗ: ನೆಲಮಂಗಲ ಜಂಕ್ಷನ್‌ನಲ್ಲಿ ಹಾಸನ ರಸ್ತೆಗೆ ತಿರುಗಿದ ಮೇಲೆ ಸಿಗುವ ಮೊದಲ ಪೆಟ್ರೋಲ್ ಬಂಕ್. ಲೊಕೇಶನ್ ಮೇಲೆ ಪಿನ್ ಮಾಡಿದ್ದೇನೆ. ಬೆಂಗಳೂರಿನಿಂದ ಬರುವವರು ಎಡಕ್ಕೆ ತಿರುಗಬೇಕು, ನೇರ ಹೋದರೆ ತುಮಕೂರು. 6:10ಕ್ಕೆ ಅಲ್ಲಿರಿ, ಟ್ಯಾಂಕ್ ಫುಲ್ ಮಾಡಿಸಿ, ಗಾಳಿ ನೋಡಿಸಿ. ಗಾಡಿ ಹೊರಡುವುದು 6:30ಕ್ಕೆ. ಡಿಸೆಂಬರ್‌ನಲ್ಲಿ ಅದಕ್ಕೂ ಮೊದಲು ಸರಿಯಾಗಿ ಬೆಳಕಾಗುವುದಿಲ್ಲ, ಕುಣಿಗಲ್ ಕಡೆ ಮಂಜು ಬೇರೆ ಇರಬಹುದು. ಮಂಜಿದ್ದರೆ ಹೆಡ್‌ಲೈಟ್ ಲೋ ಬೀಮ್‌ನಲ್ಲಿಡಿ, ಟ್ಯಾಂಕರ್‌ಗಳ ಹಿಂದೆ ಅಂಟಿಕೊಂಡು ಹೋಗಬೇಡಿ. ಮಂಗಳೂರು ಕಡೆಯ ಲಾರಿ, ಟ್ಯಾಂಕರ್ ಎಲ್ಲ ಇದೇ ರಸ್ತೆ.

ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 220 ಕಿ.ಮೀ. ನಡುವೆ ನಾಲ್ಕು ಕಡೆ ಸೇರುತ್ತೇವೆ.

ಯಡಿಯೂರು, ಸುಮಾರು 63 ಕಿ.ಮೀ. ಮುಂದಿನವರು 7:20ಕ್ಕೆ, ಕೊನೆಯವರು 7:45ಕ್ಕೆ. ಟೀ. ಹೊರಡುವುದು 8:05.

ಚನ್ನರಾಯಪಟ್ಟಣ, ಅಲ್ಲಿಂದ 56 ಕಿ.ಮೀ. ಮುಂದಿನವರು 8:50ಕ್ಕೆ, ಕೊನೆಯವರು 9:15ಕ್ಕೆ. ತಿಂಡಿ. ಹೊರಡುವುದು 10:00.

ಹಾಸನ ಬೈಪಾಸ್, 37 ಕಿ.ಮೀ. ಮುಂದಿನವರು 10:30ಕ್ಕೆ, ಕೊನೆಯವರು 10:45ಕ್ಕೆ. ಬರೀ 10 ನಿಮಿಷ. ಹೊರಡುವುದು 10:55.

ಬೇಲೂರು, ಸುಮಾರು 39 ಕಿ.ಮೀ. ಕೊನೆಯವರು 11:55ಕ್ಕೆ. ಹೊರಡುವುದು 12:15.

ಚಿಕ್ಕಮಗಳೂರು, ಸುಮಾರು 25 ಕಿ.ಮೀ. ಎಲ್ಲರೂ 1:00ಕ್ಕೆ.

ಹೋಮ್‌ಸ್ಟೇಯವರಿಗೆ ಊಟಕ್ಕೆ 1:30 ಅಂತ ಹೇಳಿದ್ದೇನೆ. ಆ ಅರ್ಧ ಗಂಟೆ ಪಂಚರ್‌ಗೆ ಇಟ್ಟಿದ್ದು, ಫೋಟೋಗೆ ಅಲ್ಲ.

ನವೀನ ಈಗಲೇ ಕೇಳುತ್ತಾನೆ, "ಆರೂವರೆ ಗಂಟೆ ಯಾಕೆ" ಅಂತ. ಕೊನೆಯ ಗಾಡಿ ಹೈವೇಯಲ್ಲಿ ಸರಾಸರಿ 50ರಲ್ಲಿ, ಹಾಸನ ದಾಟಿದ ಮೇಲೆ 40ರ ಆಸುಪಾಸಿನಲ್ಲಿ ಹೋದರೆ ಓಡುವ ಸಮಯವೇ ನಾಲ್ಕು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ನಿಲ್ಲುವುದು ಒಟ್ಟು 95 ನಿಮಿಷ. ಕೂಡಿಸಿ ನೋಡಿ. ಮೀಟರ್‌ನಲ್ಲಿ 60 ತೋರಿಸಿದರೂ ಸರ್ವಿಸ್ ರೋಡು, ಹಂಪು, ಅಡ್ಡ ಬರುವ ದನ ಎಲ್ಲ ಸೇರಿ ಸರಾಸರಿ 50ಕ್ಕೇ ಬರುವುದು. ನೀನೊಬ್ಬನೇ ನಿಲ್ಲದೆ ಹೋದರೆ ಹತ್ತಕ್ಕೇ ತಲುಪಬಹುದು ಮಾರಾಯ. ಆದರೆ ರೂಮ್ ಕೊಡುವುದು 12ರ ಮೇಲೆ. ಗೇಟ್ ಮುಂದೆ ಎರಡು ಗಂಟೆ ಕೂತು ಏನು ಮಾಡುತ್ತೀಯ?

ಇನ್ನೊಂದು ವಿಷಯ. ಹೈವೇಯಲ್ಲಿ ಮುಂದಿನವರಿಗೂ ಕೊನೆಯವರಿಗೂ 25 ನಿಮಿಷ ಅಂತರ ಬರುತ್ತದೆ. ಹಾಸನ-ಬೇಲೂರು ಮಧ್ಯೆ ಅದು ಹತ್ತು-ಹನ್ನೆರಡಕ್ಕೆ ಇಳಿಯುತ್ತದೆ. ಆ ರಸ್ತೆಯಲ್ಲಿ 390 ಸಿಸಿ ಇದ್ದರೂ ಟ್ರ್ಯಾಕ್ಟರ್ ಹಿಂದೆಯೇ ಹೋಗಬೇಕು. ಹೈವೇಯಲ್ಲಿ ಲೇಟಾಗಿದ್ದನ್ನು ಅಲ್ಲಿ ಓವರ್‌ಟೇಕ್ ಮಾಡಿ ಸರಿ ಮಾಡುತ್ತೇನೆ ಅಂತ ಯಾರೂ ಹೊರಡಬೇಡಿ.

ಈಗ ನನಗೆ ಮುಖ್ಯವಾದ ಮಾತು. ಮುಂದೆ ಹೋದವರು ಅರ್ಧ ಗಂಟೆ ಕೂತು, ಎರಡು ಟೀ ಕುಡಿದು, ಕೊನೆಯವರು ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ "ಸರಿ, ಹೊರಡೋಣ" ಅಂತ ಗ್ಲೌಸ್ ಹಾಕಿಕೊಳ್ಳುವುದು ಎಲ್ಲ ಗ್ರೂಪ್‌ನಲ್ಲೂ ನಡೆಯುತ್ತದೆ. ಜಾಸ್ತಿ ಸುಸ್ತಾದವರಿಗೇ ಕಡಿಮೆ ವಿಶ್ರಾಂತಿ, ಅಲ್ವಾ? ಮಧ್ಯಾಹ್ನದ ಹೊತ್ತಿಗೆ ಅವರು ಇನ್ನೂ ನಿಧಾನ ಆಗುತ್ತಾರೆ, ಇಡೀ ಗ್ರೂಪ್ ಲೇಟಾಗುತ್ತದೆ. ಅದಕ್ಕೆ ಬ್ರೇಕ್‌ನ ಲೆಕ್ಕ ಶುರುವಾಗುವುದು ಎಲ್ಲರಿಗಿಂತ ಕೊನೆಯಲ್ಲಿ ಬರುವ ಮಂಜಣ್ಣ ಸೈಡ್ ಸ್ಟ್ಯಾಂಡ್ ಹಾಕಿದ ಮೇಲೆ. ಅಲ್ಲಿಂದ ಯಡಿಯೂರಿನಲ್ಲಿ 20 ನಿಮಿಷ ಅಂದರೆ 20 ನಿಮಿಷ. ಬೇಗ ಬಂದವರು ಕಾಯಲೇಬೇಕು. ಚನ್ನರಾಯಪಟ್ಟಣದಲ್ಲಿ ಮಾತ್ರ ಅವರಿಗೊಂದು ಕೆಲಸ ಇದೆ: 11 ಜನಕ್ಕೆ ಟೇಬಲ್ ಹಿಡಿದು, ಆರ್ಡರ್ ಹೇಳಿಡಿ. ಶನಿವಾರ ಹೋಟೆಲ್‌ನಲ್ಲಿ ನೂಕುನುಗ್ಗಲು ಇರುತ್ತದೆ. ತಿಂಡಿಗೆ 45 ನಿಮಿಷ ಸಾಕಾಗುವುದು ಇದನ್ನು ಮಾಡಿದರೆ ಮಾತ್ರ.

ಲೀಡ್ ನಾನು, ಹಿಮಾಲಯನ್‌ನಲ್ಲಿ. ನನ್ನನ್ನು ದಾಟಿ ಹೋಗುವವರು ಹೋಗಬಹುದು, ಆದರೆ ಮುಂದಿನ ಸೇರುವ ಜಾಗ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಕೊನೆಯಲ್ಲಿ ಮಂಜಣ್ಣ, ಕ್ಲಾಸಿಕ್ 350. ಪಂಚರ್ ಕಿಟ್, ಪಂಪು, ಫಸ್ಟ್ ಏಡ್ ಎಲ್ಲ ಅವರ ಹತ್ತಿರ. ಅವರ ಹಿಂದೆ ಯಾರೂ ಇರಬಾರದು. ನಿಲ್ಲಬೇಕಾದರೆ ಅವರ ಕಣ್ಣಿಗೆ ಬೀಳುವ ಹಾಗೆ ರಸ್ತೆ ಬದಿಗೇ ನಿಲ್ಲಿ, ಹೋಟೆಲ್ ಒಳಗೆ ಗಾಡಿ ನುಗ್ಗಿಸಿ ಮಾಯ ಆಗಬೇಡಿ.

ನಿಧಾನ ಹೋಗುವವರು 20 ನಿಮಿಷ ಮೊದಲೇ ಹೊರಟರೆ ಎಲ್ಲರೂ ಒಟ್ಟಿಗೆ ತಲುಪಬಹುದು ಅಂತ ಪ್ರದೀಪ್ ಹೇಳಿದ್ದ. ಲೆಕ್ಕ ಸರಿ. ಆದರೆ ಆಗ ಮಂಜಣ್ಣ ಆಕ್ಟಿವಾ ಜೊತೆ ಮುಂದೆ ಹೋಗಿರುತ್ತಾರೆ, ಹಿಂದೆ ಬರುವವರಲ್ಲಿ ಒಬ್ಬರಿಗೆ ಪಂಚರ್ ಆದರೆ ಕಿಟ್ ಇರುವುದಿಲ್ಲ. ಆದ್ದರಿಂದ ಬೇಡ.

ಗುಂಪು ಚೆದುರುವುದು ಹಾಸನದಲ್ಲಿ. ಬೈಪಾಸ್‌ನಲ್ಲಿ ಸುಮ್ನೆ ನೇರ ಹೋದರೆ ಸಕಲೇಶಪುರ. ನಮಗೆ ಬೇಕಾಗಿದ್ದು ಬೇಲೂರು ರಸ್ತೆ. ಬೋರ್ಡ್ ಕಂಡ ತಕ್ಷಣ ಎಡಕ್ಕೆ ಸರಿದು, ತಿರುವಿಗೆ ಸ್ವಲ್ಪ ಮೊದಲು ನಿಲ್ಲಿ. ಮೊದಲು ಬಂದವರು ಗಾಡಿಯಿಂದ ಇಳಿದು, ರಸ್ತೆಯಿಂದ ದೂರ ನಿಂತು, ಹಿಂದಿನವರಿಗೆ ಕೈ ತೋರಿಸಿ. 9 ಗಾಡಿ ಎಣಿಸದೆ ಅಲ್ಲಿಂದ ಕದಲಬೇಡಿ.

ಆಕ್ಟಿವಾಕ್ಕೆ ಪೆಟ್ರೋಲ್ ಚನ್ನರಾಯಪಟ್ಟಣದಲ್ಲಿ. ಅದರ ಟ್ಯಾಂಕ್ ಹಿಡಿಯುವುದೇ ಐದು ಲೀಟರ್ ಚಿಲ್ಲರೆ, ಡಬಲ್ಸ್‌ನಲ್ಲಿ ಚಿಕ್ಕಮಗಳೂರಿನವರೆಗೆ ಎಳೆಯುತ್ತದೋ ಇಲ್ಲವೋ ಅಂತ ನೋಡುವ ಪರೀಕ್ಷೆ ಬೇಡ.

ಇದು ಒಕ್ಕಣೆ ಕಾಲ. ಹಳ್ಳಿ ಹತ್ತಿರ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ದೂರದಿಂದ ಕಂದು ಬಣ್ಣದ ಪಟ್ಟಿ ಕಂಡರೆ ಮೊದಲೇ ಸ್ಪೀಡ್ ಇಳಿಸಿ. ಹುಲ್ಲಿನ ಮೇಲೆ ಹತ್ತಿದ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಹುರುಳಿ ಕಾಳು ಟೈರ್ ಕೆಳಗೆ ಉರುಳುತ್ತದೆ, ಮುಂದಿನ ಚಕ್ರ ಜಾರಿದರೆ ಹಿಡಿಯಲು ಆಗುವುದಿಲ್ಲ. ಬೇಲೂರು ದಾಟಿದ ಮೇಲೆ ಕಾಫಿ ಕೊಯ್ಲಿನ ಪಿಕಪ್‌ಗಳು ಓಡಾಡುತ್ತಿರುತ್ತವೆ, ತಿರುವಿನಲ್ಲಿ ನಿಮ್ಮ ಎಡಕ್ಕೇ ಇರಿ.

ಲೇಟಾದರೆ ಏನು? ಕೊನೆಯವರ ಟೈಮ್ ಕಳೆದು 20 ನಿಮಿಷವಾದರೂ ಯಾರಾದರೂ ಬರದಿದ್ದರೆ ನಾನು ಮಂಜಣ್ಣನಿಗೆ ಫೋನ್ ಮಾಡುತ್ತೇನೆ. ನಾನೊಬ್ಬನೇ. 11 ಜನ 11 ಸಲ ಮಾಡಿದರೆ ಪಾಪ ಅವರು ಪಂಚರ್ ಹಾಕುವುದು ಯಾವಾಗ? ವಾಪಸ್ ಹುಡುಕಿಕೊಂಡು ಯಾರೂ ಬರಬೇಡಿ. ಹಾಸನದಲ್ಲಿ ಎಲ್ಲರೂ ಸೇರುವಾಗ 11:30 ದಾಟಿದ್ದರೆ ಬೇಲೂರಿನಲ್ಲಿ ನಿಲ್ಲುವುದು ಕ್ಯಾನ್ಸಲ್, ಊರು ದಾಟಿ ಬರೀ ಗಾಡಿ ಎಣಿಸಿ ಮುಂದೆ ಹೋಗುವುದು. ಚೆನ್ನಕೇಶವ ದೇವಸ್ಥಾನವನ್ನು 20 ನಿಮಿಷದಲ್ಲಿ ನೋಡಲು ಹೇಗೂ ಆಗುವುದಿಲ್ಲ. ಅದು ಭಾನುವಾರ ವಾಪಸ್ ಬರುವಾಗ, ನಿಧಾನವಾಗಿ.

ಶುಕ್ರವಾರ ರಾತ್ರಿ 9ರ ಒಳಗೆ ಇದರ ಕೆಳಗೆ ನಿಮ್ಮ ಗಾಡಿ, ಬ್ಲಡ್ ಗ್ರೂಪ್, ಮನೆಯವರ ಒಂದು ನಂಬರ್ ಹಾಕಿ. ಹಾಕದವರಿಗೆ ಊಟ ಹೇಳುವುದಿಲ್ಲ. ಶಂಕರಣ್ಣ, ನಿಮ್ಮ ಚೈನ್ ಸದ್ದು ಮಾಡುತ್ತಿತ್ತು, ನಾಳೆ ಸಂಜೆ ಗಾಡಿ ತೆಗೆದುಕೊಂಡು ಮನೆ ಹತ್ತಿರ ಬನ್ನಿ, ಟೈಟ್ ಮಾಡಿ ಎಣ್ಣೆ ಬಿಡೋಣ.