ಕ್ಲರ್ಕ್ ಹುದ್ದೆಗೆ ರಾಜೀನಾಮೆ

2 ಜೂನ್ 2025
ಬೆಂಗಳೂರು

ಶಾಖಾ ವ್ಯವಸ್ಥಾಪಕರಿಗೆ,
ಜಯನಗರ ಶಾಖೆ

ಮೇಡಂ, ನಮಸ್ಕಾರ.

ಕ್ಲರ್ಕ್ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ಒಂದು ತಿಂಗಳ ನೋಟಿಸ್ ಇಂದಿನಿಂದ ಲೆಕ್ಕ ಹಿಡಿದರೆ ಜುಲೈ 2, ಬುಧವಾರ ನನ್ನ ಕೊನೆಯ ದಿನ. ಜೂನ್ ಕ್ವಾರ್ಟರ್ ಕ್ಲೋಸಿಂಗ್ ಮುಗಿಸಿಕೊಟ್ಟೇ ಹೋಗುತ್ತೇನೆ, ಆ ಗಲಾಟೆಯಲ್ಲಿ ಕೈ ಬಿಟ್ಟು ಹೋದ ಅಂತ ಯಾರೂ ಅನ್ನಬಾರದು.

ಕಾರಣ ನಿಮಗೆ ಅರ್ಧ ಗೊತ್ತೇ ಇದೆ. ಬಳೇಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ ಇದೆ, ತಾತ ಶುರು ಮಾಡಿದ್ದು. ಅಪ್ಪನಿಗೆ ಈಗ 72. ಫೆಬ್ರವರಿಯಲ್ಲಿ ಮಂಡಿ ಆಪರೇಷನ್ ಆದ ಮೇಲೆ ಅಟ್ಟ ಹತ್ತಿ ಸಾಮಾನು ಇಳಿಸುವುದು ಆಗುತ್ತಿಲ್ಲ. ಅದಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡರೆ ಸಾಕಿತ್ತು, ನಾನು ಕೆಲಸ ಬಿಡಬೇಕಿರಲಿಲ್ಲ. ನಿಜವಾದ ಚಿಂತೆ ಬೇರೆ. ಬಜೆ ಹಳೆಯದೋ ಹೊಸದೋ, ಹಿಪ್ಪಲಿಯಲ್ಲಿ ಖಾರ ಉಳಿದಿದೆಯೋ ಇಲ್ಲವೋ, ಬಾಣಂತಿ ಮದ್ದಿಗೆ ಯಾವುದು ಎಷ್ಟು ಹಾಕಬೇಕು, ಇದೆಲ್ಲ ಅಪ್ಪನ ಮೂಗಿನಲ್ಲಿ, ಕೈಯಲ್ಲಿ ಇದೆ. ಒಂದು ಚೀಟಿಯಲ್ಲೂ ಬರೆದಿಟ್ಟಿಲ್ಲ. ಅವರು ಅಂಗಡಿಯಲ್ಲಿ ಕೂರುತ್ತಿರುವಾಗಲೇ ಪಕ್ಕದಲ್ಲಿ ಕೂತು ಕಲಿಯಬೇಕು, ಶನಿವಾರ ಭಾನುವಾರ ಹೋಗಿ ಕಲಿಯುವ ವಿದ್ಯೆ ಅಲ್ಲ ಇದು, ಎರಡು ವರ್ಷ ಹಾಗೆ ಮಾಡಿ ನೋಡಿದೆ. ಶ್ರಾವಣಕ್ಕೆ ಮೊದಲು ಸೇರಿಕೊಂಡರೆ ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗಿನ ವ್ಯಾಪಾರವನ್ನೂ ಒಂದು ಸುತ್ತು ಅವರ ಜೊತೆ ನೋಡಿದಂತಾಗುತ್ತದೆ.

ಇದಕ್ಕೆ ಜಾಸ್ತಿ ವಿರೋಧ ಮಾಡಿದ್ದು ಅಪ್ಪನೇ! 2014ರಲ್ಲಿ ಈ ಕೆಲಸ ಸಿಕ್ಕಾಗ ಇಡೀ ಬೀದಿಗೆ ಮೈಸೂರು ಪಾಕ್ ಹಂಚಿದವರು, ತಿಂಗಳ ಸಂಬಳ ಬಿಟ್ಟು ತಕ್ಕಡಿ ಹಿಡಿಯುತ್ತೀಯಾ ಅಂತ ಎರಡು ದಿನ ಮಾತು ಬಿಟ್ಟಿದ್ದರು. ಈಗ ಒಪ್ಪಿದ್ದಾರೆ.

ಶಾಖೆಯ ಬಗ್ಗೆ ಬೇಸರ ಇಟ್ಟುಕೊಂಡು ಹೋಗುತ್ತಿಲ್ಲ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ, ಆಗ ನೀವಿನ್ನೂ ಇಲ್ಲಿಗೆ ಬಂದಿರಲಿಲ್ಲ. ನೋಟು ರದ್ದಾದ ಮೇಲೆ 2016ರ ನವೆಂಬರ್ 10ಕ್ಕೆ ಬ್ಯಾಂಕ್ ತೆರೆಯಿತಲ್ಲ, ಆ ದಿನ ಕ್ಯಾಶ್ ಕೌಂಟರಿನಲ್ಲಿ ನಾನಿದ್ದೆ. ಸಂಜೆ ಟ್ಯಾಲಿ ಮಾಡಿದರೆ 2000 ರೂಪಾಯಿ ಕಡಿಮೆ. ನನ್ನ ಕೈಯಿಂದ ತುಂಬಿಬಿಡುತ್ತೇನೆ, ನೀವೆಲ್ಲ ಹೊರಡಿ ಅಂದರೂ ಒಬ್ಬರೂ ಮನೆಗೆ ಹೋಗಲಿಲ್ಲ. ಬೆಳಿಗ್ಗೆಯಿಂದ ಊಟ ಸರಿಯಾಗಿ ಮಾಡದವರು ರಾತ್ರಿ ಹತ್ತರವರೆಗೆ ಕೂತು ಕಟ್ಟು ಬಿಚ್ಚಿ ಮತ್ತೆ ಎಣಿಸಿದರು. ಕೊನೆಗೆ ಆ ಹೊಸ ಗುಲಾಬಿ ನೋಟು ವೋಚರ್ ಕಟ್ಟಿನೊಳಗೆ ಸಿಕ್ಕಿತು. ಅವರಲ್ಲಿ ಇಬ್ಬರು ಈಗಲೂ ಇಲ್ಲೇ ಇದ್ದಾರೆ. ಅವರಿಗೆ ಈ ಪತ್ರ ತೋರಿಸಿದರೆ ನನಗೆ ಸಂತೋಷ.

ಇನ್ನು ಕೆಲಸದ ಮಾತು. ಬಾಕಿ ಇರುವ ಕೆವೈಸಿ ಪಟ್ಟಿ, ಲಾಕರ್ ರಿಜಿಸ್ಟರ್, ಡೆಲಿವರಿ ಆಗದ ಎಟಿಎಂ ಕಾರ್ಡುಗಳ ಲೆಕ್ಕ ಮೂರನ್ನೂ ನೀವು ಹೇಳಿದವರಿಗೆ ಜೂನ್ 20ರೊಳಗೆ ಒಪ್ಪಿಸುತ್ತೇನೆ. ಕೀ, ಐಡಿ ಕಾರ್ಡ್ ಕೊನೆಯ ದಿನ ಕೊಡುತ್ತೇನೆ, ನನ್ನ ಯೂಸರ್ ಐಡಿಯನ್ನು ಅಂದು ಸಂಜೆಯೇ ನಿಲ್ಲಿಸಿಬಿಡಿ. ಪಿಂಚಣಿದಾರರ ವಿಷಯ ಮಾತ್ರ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಯಾರಿಗೆ ಬೆರಳಚ್ಚು ಮಷಿನ್ನಿನಲ್ಲಿ ಬೀಳುವುದಿಲ್ಲ, ಯಾರ ಮನೆಗೇ ಹೋಗಬೇಕು, ಯಾರಿಗೆ ಕಿವಿ ಕೇಳುವುದಿಲ್ಲ ಅಂತ. 80 ದಾಟಿದವರು ಜೀವನ ಪ್ರಮಾಣ ಪತ್ರವನ್ನು ಅಕ್ಟೋಬರ್‌ನಲ್ಲೇ ಕೊಡಬಹುದು, ದಯವಿಟ್ಟು ಅವರಿಗೆ ಮೊದಲೇ ಫೋನ್ ಮಾಡಿಸಿ. ನವೆಂಬರ್ ರಷ್‌ನಲ್ಲಿ ನಿಲ್ಲುವುದು ಅವರಿಗೆ ಕಷ್ಟ.

ಹಬ್ಬದ ಅಡ್ವಾನ್ಸಿನಲ್ಲಿ ಮೂರು ಕಂತು ಉಳಿದಿದೆ, ಕೊನೆಯ ಸಂಬಳದಲ್ಲಿ ಹಿಡಿದುಕೊಳ್ಳಿ. ಗ್ರಾಚ್ಯುಟಿ ಮತ್ತು ರಜೆಯ ಹಣ ನಿಯಮದಂತೆ ಆಗಲಿ. ಎನ್‌ಪಿಎಸ್ ಮುಚ್ಚುತ್ತಿಲ್ಲ, ಅದೇ ಪ್ರಾನ್ ನಂಬರಿನಲ್ಲಿ ನಾನೇ ಮುಂದುವರಿಸುತ್ತೇನೆ. ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಕೊಡಿಸಬೇಕೆಂದು ಕೋರುತ್ತೇನೆ.

ನೀವು ಬಂದ ಮೇಲೆ ನನ್ನನ್ನು ಲೋನ್ ಸೆಕ್ಷನ್‌ನಲ್ಲಿ ಕೂರಿಸಿ ಸಣ್ಣ ವ್ಯಾಪಾರಿಗಳ ಫೈಲು ಓದಲು ಕಲಿಸಿದಿರಿ. ಆಗ ಬೈದುಕೊಂಡೇ ಕಲಿತೆ, ಸುಳ್ಳು ಯಾಕೆ ಹೇಳಲಿ. ಈಗ ಮೊದಲ ಬಾರಿಗೆ ನಮ್ಮ ಅಂಗಡಿಯ ಸ್ಟಾಕ್ ಲೆಕ್ಕ ಬರೆಯಲು ಕೂತಾಗ ಅದೇ ಕೈಹಿಡಿಯುತ್ತಿದೆ. ನಿಮಗೆ ತುಂಬಾ ಥ್ಯಾಂಕ್ಸ್ ಮೇಡಂ.

ಜುಲೈ 2ರ ನಂತರವೂ ಯಾವುದಾದರೂ ಹಳೆಯ ಎಂಟ್ರಿ ಗೊತ್ತಾಗದಿದ್ದರೆ ಫೋನ್ ಮಾಡಿ, ನಂಬರ್ ಅದೇ ಇರುತ್ತದೆ. ಶಾಖೆಯ ಆಯುಧಪೂಜೆಗೆ ಬೇಕಾದ ಸಾಮಾನಿನ ಪಟ್ಟಿ ಮಾತ್ರ ಒಂದು ವಾರ ಮುಂಚೆ ಕಳಿಸಿ, ಹಿಂದಿನ ದಿನ ಬಂದರೆ ಒಳ್ಳೆಯ ಧೂಪ ಸಿಗುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮಂಜುನಾಥ
ಕ್ಲರ್ಕ್, ಕ್ಯಾಶ್ ಕೌಂಟರ್ 2