ಬೇಸಿಗೆ ಬೆಂಡೆ: ಒಂದು ಎಕರೆಗೆ ಬೆಳೆ ವೇಳಾಪಟ್ಟಿ ಮತ್ತು ಪರಿಕರ ವೆಚ್ಚದ ಅಂದಾಜು

ಯೋಜನೆಯ ಆಧಾರ

ಜಮೀನು ಒಂದು ಎಕರೆ, ಕೆಂಪು ಗೋಡು ಮಣ್ಣು, ಕೊಳವೆಬಾವಿ ನೀರು, ಬೋದು-ಸಾಲಿನ ಪದ್ಧತಿ. ಹಳದಿ ನಂಜುರೋಗ ಸಹಿಸುವ ಹೈಬ್ರಿಡ್ ಬೀಜ. ಅಂತರ 60 × 30 ಸೆಂ.ಮೀ., ಅಂದರೆ ಸುಮಾರು 22,200 ಗುಣಿ. ಸಾವಿರ ಬೀಜ ಸುಮಾರು 60 ಗ್ರಾಂ ತೂಗುವುದರಿಂದ ಗುಣಿಗೆ ಒಂದರಂತೆ 1.33 ಕೆ.ಜಿ. ಬೇಕು. ಹುಸಿ ಹೋಗುವ ಗುಣಿಗಳಿಗೆಂದು ಶೇ. 20 ಸೇರಿಸಿ 1.6 ಕೆ.ಜಿ. ಲೆಕ್ಕ ಹಿಡಿದಿದೆ. ಗುಣಿಗೆ ಎರಡು ಬೀಜ ಹಾಕಿ ಒಂದನ್ನು ಕೀಳುವ ಪದ್ಧತಿ ಅಗ್ಗದ ಬೀಜಕ್ಕೆ ಸರಿ, ಈ ಬೆಲೆಯ ಬೀಜಕ್ಕಲ್ಲ.

ನಿರೀಕ್ಷಿತ ಇಳುವರಿ 6 ಟನ್. ಪೋಷಕಾಂಶ ಎಕರೆಗೆ ಸಾರಜನಕ 50, ರಂಜಕ 30, ಪೊಟ್ಯಾಷ್ 25 ಕೆ.ಜಿ. ಆಳಿನ ಕೂಲಿ ದಿನಕ್ಕೆ ₹400, ಅರ್ಧ ದಿನಕ್ಕೆ ₹200 ಎಂದು ಇಟ್ಟುಕೊಂಡಿದೆ.

ವೇಳಾಪಟ್ಟಿ

*ಜನವರಿ 15–30:* ಎರಡು ಉಳುಮೆ, 10 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ರೋಟವೇಟರ್, ಬೋದು ಕಟ್ಟುವುದು. ಹಸಿ ಗೊಬ್ಬರ ಹಾಕಿದರೆ ಗೆದ್ದಲೂ ಕಳೆಯೂ ಜೊತೆಗೇ ಬರುತ್ತವೆ. ಜಮೀನಿನ ಸುತ್ತ ಎರಡು ಸಾಲು ಮುಸುಕಿನ ಜೋಳವನ್ನು ಜನವರಿ 18ರ ಹೊತ್ತಿಗೇ ಬಿತ್ತಬೇಕು. ಬೆಂಡೆಯ ಜೊತೆಗೇ ಬಿತ್ತಿದರೆ ಬಿಳಿನೊಣ ಬರುವಾಗ ಜೋಳ ಮೊಣಕಾಲೆತ್ತರಕ್ಕೂ ಬಂದಿರುವುದಿಲ್ಲ.

*ಫೆಬ್ರವರಿ 5, ಬಿತ್ತನೆ:* ಇನ್ನೂ ಮುಂಚೆ ಬಿತ್ತಿದರೆ ರಾತ್ರಿಯ ಚಳಿಗೆ ಮೊಳಕೆ ತಡವಾಗಿ, ಬೀಜ ಮಣ್ಣಲ್ಲೇ ಕೊಳೆಯುತ್ತದೆ. ಮೂಲಗೊಬ್ಬರವಾಗಿ ಡಿಎಪಿ 50, ಎಸ್‌ಎಸ್‌ಪಿ 50, ಎಂಒಪಿ 42, ಯೂರಿಯಾ 22 ಕೆ.ಜಿ. ಗೊಬ್ಬರ ಬೀಜಕ್ಕೆ ತಾಗದಂತೆ ಪಕ್ಕದಲ್ಲಿ ಕೊಡಬೇಕು. ಔಷಧ ಲೇಪಿಸಿದ ಬೀಜವನ್ನು ನೆನೆಸಬಾರದು.

*ಫೆಬ್ರವರಿ 13:* ಖಾಲಿ ಗುಣಿಗಳಿಗೆ ಮತ್ತೆ ಬೀಜ. ಬೆಂಡೆಗೆ ನಾಟಿ ಒಗ್ಗುವುದಿಲ್ಲ, ತಡವಾಗಿ ಹಾಕಿದ ಗಿಡ ನೆರಳಿಗೆ ಸಿಕ್ಕಿ ಸೊರಗುತ್ತದೆ.

*15ನೇ ದಿನ:* ಹಳದಿ ಅಂಟು ಬಲೆ. 10,000 ಪಿಪಿಎಂ ಬೇವಿನ ಕೀಟನಾಶಕ, ಲೀಟರಿಗೆ 2 ಮಿ.ಲೀ. 28ನೇ ದಿನ ಇದೇ ಸಿಂಪರಣೆ ಮತ್ತೊಮ್ಮೆ. ಎಲೆನರ ಹಳದಿಯಾದ ಗಿಡವನ್ನು 35ನೇ ದಿನದವರೆಗೆ ಕಂಡಕೂಡಲೇ ಕಿತ್ತು ಹೂಳಬೇಕು.

*20 ಮತ್ತು 40ನೇ ದಿನ:* ಕಳೆ. *30ನೇ ದಿನ (ಮಾರ್ಚ್ 7):* ಯೂರಿಯಾ 45 ಕೆ.ಜಿ., ಮಣ್ಣೇರಿಸುವುದು. ಉಳಿದ 23 ಕೆ.ಜಿ. ಮೊದಲ ಕೊಯ್ಲಿನ ಹೊತ್ತಿಗೆ. ಯೂರಿಯಾವನ್ನೆಲ್ಲ ಒಮ್ಮೆಗೇ ಸುರಿದರೆ ಎಲೆ ಸೊಂಪಾಗಿ ಜಿಗಿಹುಳು ಹೆಚ್ಚುತ್ತದೆ, ಕಾಯಿ ಹೆಚ್ಚುವುದಿಲ್ಲ.

*40ನೇ ದಿನ (ಮಾರ್ಚ್ 17):* ಕಾಯಿಕೊರಕಕ್ಕೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, 60 ಗ್ರಾಂ, 200 ಲೀಟರ್ ನೀರಿಗೆ. ಈ ದಿನಾಂಕವನ್ನು ಮುಂದೂಡುವಂತಿಲ್ಲ. ಸಿಂಪಡಿಸಿದ 5 ದಿನ ಕಾಯಿ ಕೊಯ್ಯಬಾರದು. ದಿನ ಬಿಟ್ಟು ದಿನ ಕೊಯ್ಯುವ ಬೆಳೆಯಲ್ಲಿ ಅಷ್ಟು ದಿನ ಬಿಟ್ಟರೆ ಕಾಯಿ ನಾರಾಗುತ್ತದೆ. ಕೊಯ್ಲು ಶುರುವಾದ ಮೇಲೆ ಹುಳು ಕಂಡರೆ ಬಿಟಿ ಪುಡಿಯ ಒಂದು ಸಿಂಪರಣೆ, ಮತ್ತು ತೂತಾದ ಕಾಯಿಯನ್ನು ಹೊಲದಿಂದ ಹೊರಗೆ ಹಾಕುವುದು.

*ಮಾರ್ಚ್ 24 – ಮೇ 9:* ದಿನ ಬಿಟ್ಟು ದಿನ, 24 ಕೊಯ್ಲು, ಸರಾಸರಿ 250 ಕೆ.ಜಿ. ನೀರು 4–5 ದಿನಕ್ಕೊಮ್ಮೆ.

ವೆಚ್ಚ

| ಬಾಬ್ತು | ಲೆಕ್ಕ | ₹ |
|---|---|---|
| ಉಳುಮೆ, ಬೋದು | ಟ್ರ್ಯಾಕ್ಟರ್ 4 ಗಂಟೆ × 1,000 | 4,000 |
| ಕೊಟ್ಟಿಗೆ ಗೊಬ್ಬರ | 4 ಲೋಡ್ × 4,000 | 16,000 |
| ಬೀಜ | 1.6 ಕೆ.ಜಿ. × 3,500 | 5,600 |
| ರಸಗೊಬ್ಬರ | 1,350 + 550 + 1,650 + 533 | 4,083 |
| ಬಿತ್ತನೆ | 6 ಆಳು | 2,400 |
| ಕಳೆ | 14 ಆಳು | 5,600 |
| ಸಸ್ಯ ಸಂರಕ್ಷಣೆ | 4 ಸಿಂಪರಣೆ × 850. ಬಲೆ, ಜೋಳ 600 | 4,000 |
| ನೀರು ಹಾಯಿಸುವ ಕೂಲಿ | 20 × 200 | 4,000 |
| ಕೊಯ್ಲು | 24 × 5 ಅರ್ಧ ಆಳು | 24,000 |
| ಚೀಲ, ಸಾಗಣೆ | 24 × 300 | 7,200 |
| ಒಟ್ಟು | | 76,883 |
| ಅನಿರೀಕ್ಷಿತ, ಶೇ. 5 | | 3,844 |
| ಸಮಗ್ರ | | 80,727 |

ರಸಗೊಬ್ಬರದ ಸಾಲಿನಲ್ಲಿ ಡಿಎಪಿ, ಎಸ್‌ಎಸ್‌ಪಿ, ಎಂಒಪಿ ಒಂದೊಂದು ಚೀಲ, 45 ಕೆ.ಜಿ.ಯ ಯೂರಿಯಾ ಎರಡು ಚೀಲ ಸೇರಿವೆ. ರಂಜಕವನ್ನು ಡಿಎಪಿಯಿಂದಲೇ ಕೊಟ್ಟರೆ 65 ಕೆ.ಜಿ. ಬೇಕು, ಎರಡನೇ ಚೀಲ ಒಡೆಯಬೇಕಾಗುತ್ತದೆ. ಎಸ್‌ಎಸ್‌ಪಿ ಸೇರಿಸಿದರೆ ರಂಜಕ 31, ಸಾರಜನಕ 50.4 ಕೆ.ಜಿ. ಆಗುತ್ತದೆ, ಗಂಧಕವೂ ಸಿಗುತ್ತದೆ. ಎಂಒಪಿ 8 ಕೆ.ಜಿ. ಉಳಿದರೂ ಪೂರ್ಣ ಚೀಲದ ಬೆಲೆ ಹಾಕಿದೆ.

ಅನಿರೀಕ್ಷಿತ ವೆಚ್ಚ ಬಿಟ್ಟು, ಮೊದಲ ಕೊಯ್ಲಿಗೆ ಮುನ್ನವೇ ₹42,833 ಕೈಯಿಂದ ಖರ್ಚಾಗುತ್ತದೆ (ಮೂರು ಸಿಂಪರಣೆ, ಹತ್ತು ನೀರು ಸೇರಿ). ಸಾಲ ಮಾಡುವವರು ಈ ಅಂಕಿಯನ್ನು ನೋಡಬೇಕು, ಸಮಗ್ರ ವೆಚ್ಚವನ್ನಲ್ಲ. ಉಳಿದದ್ದನ್ನು ಬೆಳೆಯೇ ಭರಿಸುತ್ತದೆ.

ಕೆ.ಜಿ.ಗೆ ಉತ್ಪಾದನಾ ವೆಚ್ಚ ₹13.45. ಅದರಲ್ಲಿ ಕೊಯ್ಲು ಮತ್ತು ಸಾಗಣೆಯದ್ದೇ ₹5.20. ಹಾಗಾಗಿ ದರ ₹13ಕ್ಕಿಂತ ಕುಸಿದರೂ ₹5.20ಕ್ಕಿಂತ ಮೇಲಿರುವವರೆಗೆ ಕೊಯ್ಯುವುದೇ ಲೇಸು, ಹಿಂದೆ ಹಾಕಿದ ಹಣ ಕೊಯ್ಯದಿದ್ದರೂ ವಾಪಸ್ ಬರುವುದಿಲ್ಲ. ಆದರೆ ಮೇ ಮೊದಲ ವಾರದಲ್ಲಿ ಕೊಯ್ಲು 120 ಕೆ.ಜಿ.ಗೆ ಇಳಿದು, 3 ಅರ್ಧ ಆಳು ಮತ್ತು ಸಾಗಣೆಗೆ ₹900 ಹೋದರೆ ಈ ಮಿತಿ ₹7.50ಕ್ಕೇರುತ್ತದೆ. ದರ ಅದಕ್ಕಿಂತ ಕೆಳಗಿದ್ದರೆ ಮೇ 9ರವರೆಗೆ ಕಾಯದೆ ಗಿಡ ಕಿತ್ತು, ಮುಂಗಾರು ಬೆಳೆಗೆ ಉಳುಮೆ ಶುರು ಮಾಡುವುದು.