ತರಬೇತಿಯಲ್ಲಿರುವ ಮೊಮ್ಮಗನಿಗೆ ಅಜ್ಜನ ಪತ್ರ

ಮುನಿರಾಬಾದ್
9 ನವೆಂಬರ್ 2025

ಚಿರಂಜೀವಿ ಬಸವರಾಜನಿಗೆ ನಿನ್ನ ಅಜ್ಜ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಕಳೆದ ಭಾನುವಾರ ನೀನು ನಿಮ್ಮವ್ವನ ಜೊತೆ ಫೋನಿನಲ್ಲಿ ಆಡಿದ ಮಾತನ್ನು ಅವಳು ನನಗೆ ಹೇಳಿದಳು. ಕಂಬಳಿಯ ಮಡಿಕೆ ಒಂದು ಬೆರಳು ಆಚೀಚೆಯಾದದ್ದಕ್ಕೆ ಉಸ್ತಾದರು ಇಡೀ ಬ್ಯಾರಕ್‌ಗೆ ರಗಡಾ ಶಿಕ್ಷೆ ಕೊಟ್ಟರೆಂದೂ, ಕಂಬಳಿ ಮಡಿಸುವುದಕ್ಕೂ ದೇಶ ಕಾಯುವುದಕ್ಕೂ ಏನು ಸಂಬಂಧವೆಂದೂ ನೀನು ಕೇಳಿದೆಯಂತೆ. ಪ್ರಶ್ನೆ ತಪ್ಪಲ್ಲ. ಆದರೆ ನಿನಗೆ ಸಿಗುವ ಹತ್ತು ನಿಮಿಷದ ಫೋನಿನಲ್ಲಿ ಉತ್ತರಿಸುವಂಥದ್ದೂ ಅಲ್ಲ. ಆದ್ದರಿಂದ ಕಾಗದ ಬರೆಯಲು ಕುಳಿತಿದ್ದೇನೆ.

ನಾನು 1974ರಲ್ಲಿ ಇದೇ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದಾಗ ನಮಗೆ ಫೀಲ್ಡ್ ಕೆಲಸ ಕಲಿಸಿದ ಉಸ್ತಾದರು 1971ರ ಯುದ್ಧದಲ್ಲಿ ಬಸಂತರ್ ನದಿಯ ಬಳಿ ಇದ್ದವರು. ನಮ್ಮ ಗ್ರೂಪಿನ 9ನೇ ಎಂಜಿನಿಯರ್ ರೆಜಿಮೆಂಟಿನವರು ಅಲ್ಲಿ ಶತ್ರುಗಳು ಹೂತಿದ್ದ ಮೈನ್‌ಗಳ ನಡುವೆ ರಾತ್ರಿಯಲ್ಲಿ ದಾರಿ ತೆರೆದರು. ಆ ದಾರಿಯಿಂದಲೇ ನಮ್ಮ ಟ್ಯಾಂಕುಗಳು ಮುಂದೆ ಹೋದವು. ಇಷ್ಟು ದೊಡ್ಡ ಕೆಲಸ ಮಾಡಿ ಬಂದಿದ್ದ ಆ ಮನುಷ್ಯ ನಮ್ಮೆದುರು ಯುದ್ಧದ ಕಥೆ ಹೇಳಿದ್ದು ಬಹಳ ಕಡಿಮೆ. ದಿನವೂ ನಮ್ಮ ಬೂಟಿನ ಲೇಸು, ಸಲಿಕೆಯ ಹಿಡಿ, ನೀರಿನ ಬಾಟಲಿಯ ಮುಚ್ಚಳ, ಇವನ್ನೇ ನೋಡುತ್ತಿದ್ದರು. ಬಾಟಲಿ ತುಂಬಿಸದೆ ಬಂದವನನ್ನು ಬಿಸಿಲಿನಲ್ಲಿ ಮೈದಾನ ಸುತ್ತಿಸುತ್ತಿದ್ದರು. ಅವರು ಹಾಗೇಕೆ ಮಾಡಿದರೆಂಬುದು ನನಗೆ ಸ್ಪಷ್ಟವಾದದ್ದು ಹಲವು ವರ್ಷಗಳ ಮೇಲೆ, ಶ್ರೀಲಂಕಾದಲ್ಲಿ.

1988ರಲ್ಲಿ ನಾವು ಶಾಂತಿಪಾಲನಾ ಪಡೆಯಲ್ಲಿ ಜಾಫ್ನಾ ಕಡೆ ಇದ್ದೆವು. ಬೆಳಗಾಗುತ್ತಲೇ ರಸ್ತೆ ತೆರೆಯುವ ಕೆಲಸ. ರಾತ್ರಿ ಯಾರಾದರೂ ಮೈನ್ ಹೂತಿರಬಹುದಾದ ದಾರಿಯನ್ನು ಮೊದಲು ನಾವು ನಡೆದು, ಶೋಧಿಸಿ, ಸರಿಯಿದೆ ಎಂದ ಮೇಲೆಯೇ ರೇಷನ್ ಮತ್ತು ಔಷಧಿಯ ಗಾಡಿಗಳು ಹೊರಡುತ್ತಿದ್ದವು. ಅನುಮಾನವಿದ್ದ ಕಡೆ ಹೊಟ್ಟೆಯ ಮೇಲೆ ಮಲಗಿ, ಪ್ರಾಡರ್ ಎನ್ನುವ ಚೂಪು ಕಡ್ಡಿಯನ್ನು ನೆಲಕ್ಕೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಹಿಡಿದು ಮೆಲ್ಲಗೆ ಚುಚ್ಚಬೇಕು. ನೇರವಾಗಿ ಚುಚ್ಚಿದರೆ ಕಡ್ಡಿ ಮೈನಿನ ತಲೆಯ ಮೇಲೇ ಒತ್ತುತ್ತದೆ. ಓರೆಯಾಗಿ ಹೋದರೆ ಅದರ ಪಕ್ಕಕ್ಕೆ ತಾಗುತ್ತದೆ. ಚುಚ್ಚಿದ ಜಾಗದಿಂದ ಇಷ್ಟೇ ಅಂತರದಲ್ಲಿ ಮತ್ತೆ ಚುಚ್ಚಬೇಕು, ಒಂದನ್ನೂ ಬಿಡುವಂತಿಲ್ಲ. ಬೆವರು ಕಣ್ಣಿಗೆ ಇಳಿಯುತ್ತದೆ, ಮೊಳಕೈ ತರಚುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮನಸ್ಸು ತಾನಾಗಿಯೇ ಇಲ್ಲಿ ಏನೂ ಇಲ್ಲ, ಮುಂದೆ ಹೋಗು ಎನ್ನಲು ಶುರುಮಾಡುತ್ತದೆ. ಆ ಹೊತ್ತಿನಲ್ಲಿ ನಿನ್ನನ್ನು ನೋಡುವ ಉಸ್ತಾದರು ಯಾರೂ ಇರುವುದಿಲ್ಲ. ನೀನು ಒಂದು ಗೇಣು ನೆಲವನ್ನು ಬಿಟ್ಟು ಮುಂದೆ ಹೋದರೂ ಯಾರಿಗೂ ತಿಳಿಯುವುದಿಲ್ಲ. ಆಗ ಕೈಯನ್ನು ಹಿಡಿದು ನಿಲ್ಲಿಸುವುದು ಬೇಸರ ಬಂದಾಗಲೂ ಕಂಬಳಿಯನ್ನು ಸರಿಯಾಗಿ ಮಡಿಸಿದ ಅದೇ ಅಭ್ಯಾಸ.

ಒಂದು ಬೆಳಿಗ್ಗೆ ನಾವು ಕೆಲಸ ಮುಗಿಸಿ ರಸ್ತೆ ಬದಿಗೆ ಸರಿದಾಗ, ಮೊದಲ ಗಾಡಿಯ ಡ್ರೈವರ್, ಬೇರೆ ರೆಜಿಮೆಂಟಿನ ಒಬ್ಬ ಹುಡುಗ, ಮಗ್ಗಿನಲ್ಲಿದ್ದ ಚಹಾ ಮುಗಿಸಿ, ಮಗ್ಗನ್ನು ಒರೆಸಿ ಸೀಟಿನ ಕೆಳಗಿಟ್ಟು, ಗೇರು ಹಾಕಿ ಹೊರಟ. ನೆಲದ ಕಡೆ ಒಮ್ಮೆಯೂ ನೋಡಲಿಲ್ಲ. ನಮ್ಮ ಹೆಸರು ಅವನಿಗೆ ಗೊತ್ತಿರಲಿಲ್ಲ, ಅವನ ಹೆಸರು ನಮಗೂ ಗೊತ್ತಿರಲಿಲ್ಲ. ಸಪ್ಪರ್‌ಗಳು ರಸ್ತೆ ನೋಡಿದ್ದಾರೆ ಎಂಬ ಒಂದೇ ಮಾತಿನ ಮೇಲೆ ಅವನು ತನ್ನ ಜೀವವನ್ನು ಇಟ್ಟಿದ್ದ. ಸೇವೆ ಎಂದರೆ ಏನೆಂದು ಯಾರಾದರೂ ಕೇಳಿದರೆ ಇಂದಿಗೂ ನನಗೆ ನೆನಪಾಗುವುದು ಪದಕಗಳಲ್ಲ, ಆ ಹುಡುಗ ನಿಶ್ಚಿಂತೆಯಿಂದ ಗಾಡಿ ಓಡಿಸಿಕೊಂಡು ಹೋದ ರೀತಿ.

ಕೇಂದ್ರದಲ್ಲಿ ನಿನಗೆ ಸುಬೇದಾರ್ ಸುಬ್ರಮಣಿಯನ್ ಅವರ ಬಗ್ಗೆ ಹೇಳಿರುತ್ತಾರೆ. 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ, ಸಿಡಿಯಲಿದ್ದ ಮೈನಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದ ನಮ್ಮ ಗ್ರೂಪಿನ ಆ ವೀರರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ದೊರೆಯಿತು. ಎಲ್ಲರೂ ಆ ಕೊನೆಯ ಕ್ಷಣವನ್ನೇ ಹೇಳುತ್ತಾರೆ. ಅದಕ್ಕೆ ಮೊದಲು ಅವರು ಮೈನ್ ತೆಗೆಯುವ ತಂಡದ ಮುಂದಾಳಾಗಿ ತಮ್ಮ ಎಂದಿನ ಕೆಲಸವನ್ನೇ ಮಾಡುತ್ತಿದ್ದರು ಎಂಬುದನ್ನು ನೀನು ಗಮನಿಸಬೇಕೆಂದು ನನ್ನ ಆಸೆ. ಯೋಚಿಸಲು ಸಮಯವೇ ಇಲ್ಲದಾಗ ಮನುಷ್ಯನಿಂದ ಹೊರಬರುವುದು ಅಲ್ಲಿಯವರೆಗೆ ಅವನು ಪ್ರತಿದಿನ ರೂಢಿಸಿಕೊಂಡದ್ದೇ ಎಂದು ನಾನು ನಂಬಿದ್ದೇನೆ.

ಒಬ್ಬನ ತಪ್ಪಿಗೆ ಎಲ್ಲರಿಗೂ ಶಿಕ್ಷೆಯೇಕೆ ಎಂಬುದು ನಿನ್ನ ಇನ್ನೊಂದು ಮಾತು. ಮೈನ್ ಫೀಲ್ಡಿನಲ್ಲಿ ಒಬ್ಬನ ತಪ್ಪಿನ ಫಲ ಒಬ್ಬನಿಗೇ ಸಿಗುವುದಿಲ್ಲವಲ್ಲ, ಅದಕ್ಕಾಗಿ. ಆದರೆ ಒಂದು ಎಚ್ಚರಿಕೆ ಇರಲಿ. ಶಿಕ್ಷೆಯಾದ ರಾತ್ರಿ ಕಂಬಳಿ ಮಡಿಸಲು ಬಾರದ ಹುಡುಗನನ್ನು ಉಳಿದವರು ಹಂಗಿಸಿದರೆ ನೀನು ಅವರ ಜೊತೆ ಸೇರಬೇಡ. ಅವನ ಪಕ್ಕದಲ್ಲಿ ಕುಳಿತು ಕಲಿಸಿಕೊಡು. ನನಗೆ ಹಿಂದಿ ಒಂದಕ್ಷರ ಬಾರದಿದ್ದಾಗ, ತಮಿಳು ಮಾತನಾಡುವ ಒಬ್ಬ ಜೊತೆಗಾರ ಪ್ರತಿ ಸಂಜೆ ಡ್ರಿಲ್ಲಿನ ಕಮಾಂಡುಗಳನ್ನು ಕೈಸನ್ನೆಯಲ್ಲಿ ಕಲಿಸಿದ. ಅವನಿಲ್ಲದಿದ್ದರೆ ನಾನು ಮೊದಲ ತಿಂಗಳಿನಲ್ಲೇ ಊರಿಗೆ ಮರಳುತ್ತಿದ್ದೆ.

ನಾಲ್ಕು ವರ್ಷದ ಮಾತು ನಿನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು ನನಗೆ ಗೊತ್ತು. ಅಗ್ನಿವೀರರಲ್ಲಿ ಗರಿಷ್ಠ ಶೇಕಡಾ 25ರಷ್ಟು ಮಂದಿ ಮಾತ್ರ ಮುಂದುವರಿಯುತ್ತಾರೆ ಎಂಬ ನಿಯಮ ನಮ್ಮ ಕಾಲದಲ್ಲಿರಲಿಲ್ಲ. ನನಗೆ ಪಿಂಚಣಿಯ ಭರವಸೆಯಿತ್ತು, ನಿನಗಿಲ್ಲ. ಇದು ಸಣ್ಣ ವ್ಯತ್ಯಾಸವಲ್ಲ, ನಿನ್ನ ಚಿಂತೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಉಳಿಯುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಅರೆಮನಸ್ಸಿನಿಂದ ಕಲಿತವನು ಎರಡೂ ಕಡೆ ಸಲ್ಲುವುದಿಲ್ಲ. ಸೇತುವೆ ಕಟ್ಟುವುದು, ಯಂತ್ರ ನಡೆಸುವುದು, ವೆಲ್ಡಿಂಗ್, ಯಾವ ಟ್ರೇಡ್ ಕೊಟ್ಟರೂ ಅದನ್ನು ಪೂರ್ತಿಯಾಗಿ ಕಲಿ.

2024ರ ಆಗಸ್ಟ್ ನೆನಪಿರಬೇಕು. ನಮ್ಮ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋದಾಗ ನೀನೂ ನಾನೂ ಹೊಳೆಯ ಕಡೆ ಹೋಗಿ ನಿಂತಿದ್ದೆವು. ಗಂಗಾವತಿಯಿಂದ ರಾಯಚೂರಿನವರೆಗೆ ರೈತರಿಗೆ ನಿದ್ದೆಯಿರಲಿಲ್ಲ. ನೀರು ಭೋರ್ಗರೆದು ಹರಿಯುತ್ತಿದ್ದಾಗಲೇ ಕೆಲಸಗಾರರು ಅಲ್ಲಿ ಸ್ಟಾಪ್‌ಲಾಗ್ ಎನ್ನುವ ತಾತ್ಕಾಲಿಕ ಗೇಟನ್ನು ಇಳಿಸಿದರು. ದಾರಿ ತೋರಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರು ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಅವರ ಹೆಸರನ್ನು ಪತ್ರಿಕೆಗಳು ಬರೆದವು, ಕಬ್ಬಿಣ ಹಿಡಿದು ಇಳಿಸಿದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಅವರು ಉಳಿಸಿದ ನೀರಿನಿಂದ ನಮ್ಮ ಹೊಲದಲ್ಲೂ ಆ ವರ್ಷ ಭತ್ತ ಬಂತು. ಸಮವಸ್ತ್ರ ಕಳಚಿದ ಮೇಲೂ ಇಂಥ ಕೆಲಸ ನಿನ್ನ ಕೈಯಲ್ಲಿ ಇರಬೇಕು.

ಕಸಂ ಪರೇಡಿನ ದಿನ ನೀನು ಪ್ರತಿಜ್ಞೆ ಸ್ವೀಕರಿಸುತ್ತೀ. ಬಾಯಿಪಾಠ ಮಾಡುವ ಮೊದಲು ಒಮ್ಮೆ ನಿಧಾನವಾಗಿ ಓದಿ, ಪ್ರತಿಯೊಂದು ಮಾತಿನ ಅರ್ಥವನ್ನು ಕೇಳಿ ತಿಳಿದುಕೋ. ಜೀವದ ಅಪಾಯವಿದ್ದರೂ ಆಜ್ಞೆಯಾದಲ್ಲಿಗೆ ಹೋಗುತ್ತೇನೆ ಎಂದು ಅರ್ಥವಾಗದೆ ಹೇಳಬಾರದು.

ಕಾಲಿನ ಬೊಬ್ಬೆಯನ್ನು ಚುಚ್ಚಬೇಡ, ಎಂ.ಐ. ರೂಮಿನ ಡಾಕ್ಟರಿಗೆ ತೋರಿಸು. ಸಾಕ್ಸ್ ಒಣಗಿರಲಿ. ಭತ್ತದ ಕೊಯ್ಲು ಶುರುವಾಗಿರುವುದರಿಂದ ನಿಮ್ಮಪ್ಪ ಇಡೀ ದಿನ ಹೊಲದಲ್ಲೇ ಇರುತ್ತಾನೆ, ರಾತ್ರಿ ಎಂಟರ ಮೇಲೆ ಫೋನು ಮಾಡಿದರೆ ಸಿಗುತ್ತಾನೆ. ಪರೇಡಿನ ತಾರೀಖು ಗೊತ್ತಾದ ಕೂಡಲೇ ತಿಳಿಸು. ನಾನೂ ನಿಮ್ಮ ಅಜ್ಜಿಯೂ ಬರುತ್ತೇವೆ, ಹಂಪಿ ಎಕ್ಸ್‌ಪ್ರೆಸ್ಸಿಗೆ ಮೊದಲೇ ಟಿಕೆಟ್ ಮಾಡಿಸಬೇಕು.

ಇಂತಿ ನಿನ್ನ ಅಜ್ಜ,
ವೀರಭದ್ರಪ್ಪ
ಸುಬೇದಾರ್ (ನಿವೃತ್ತ)